ಸಹಾಯ ಬೇಕು: ಬಣ್ಣದ ಎಳೆಯ ಫೋಟೋದಿಂದ ವೇಗದ ದಿಕ್ಕು ತಿಳಿಯಬಹುದಾ?

ಎಲ್ಲರಿಗೂ ನಮಸ್ಕಾರ. ಹರಿವು ಸಮಯದ ಜೊತೆ ಬದಲಾಗುವಾಗ ಸ್ಟ್ರೀಮ್‌ಲೈನ್, ಪಾತ್‌ಲೈನ್, ಸ್ಟ್ರೀಕ್‌ಲೈನ್ ಮೂರೂ ಬೇರೆಯಾಗುತ್ತವೆ ಅಲ್ವಾ? ಅದನ್ನು ನೋಡಲು ಸುಲಭದ ಒಂದು ಹರಿವು ತೆಗೆದುಕೊಂಡೆ: u = 1, v = t. ಮೂಲಬಿಂದುವಿನಲ್ಲಿರುವ ಸೂಜಿಯಿಂದ t = 0 ಇಂದ ಬಣ್ಣ ಬಿಡುತ್ತಿದ್ದೇವೆ. t = 2 ಆದಾಗ ನೋಡೋಣ.

ಆ ಕ್ಷಣದಲ್ಲಿ ಎಲ್ಲ ಕಡೆ ವೇಗದ ಇಳಿಜಾರು 2. ಹಾಗಾಗಿ ಸೂಜಿಯ ಮೂಲಕ ಹೋಗುವ ಸ್ಟ್ರೀಮ್‌ಲೈನ್ y = 2x, ನೇರ ಗೆರೆ. ಮೊದಲ ಕಣ x = t, y = t²/2 ಎಂದು ಸಾಗುತ್ತದೆ. ಅದರ ಪಾತ್‌ಲೈನ್ y = x²/2, ಮೇಲಕ್ಕೆ ಬಾಗುತ್ತದೆ.

ಸ್ಟ್ರೀಕ್‌ಲೈನ್‌ಗೆ ಸ್ವಲ್ಪ ಜಾಸ್ತಿ ಕೆಲಸ. s ಸಮಯದಲ್ಲಿ ಹೊರಟ ಕಣ ಈಗ x = 2 − s, y = (4 − s²)/2 ಇಲ್ಲಿರುತ್ತದೆ. s ತೆಗೆದರೆ y = 2x − x²/2. ಇದು ಕೆಳಕ್ಕೆ ಬಾಗುತ್ತದೆ, ಆದರೂ ತುದಿ ಪಾತ್‌ಲೈನ್‌ನ ಹಾಗೆ (2, 2) ನಲ್ಲೇ.

ನನ್ನನ್ನು ಕಾಡುತ್ತಿರುವುದು ಈ ತುದಿ. ಅಲ್ಲಿ ಬಣ್ಣದ ಎಳೆ ಪೂರ್ತಿ ಅಡ್ಡಡ್ಡ ಮಲಗಿದೆ, ನೀರು ಮಾತ್ರ 2 ಇಳಿಜಾರಿನಲ್ಲಿ ಮೇಲೇರುತ್ತಿದೆ. ಸೂಜಿಯ ಬಾಯಲ್ಲಿ ಮಾತ್ರ ಎಳೆಯೂ ಸ್ಟ್ರೀಮ್‌ಲೈನೂ ಒಂದೇ ದಿಕ್ಕು.

ಸೂಜಿಯ ಬಾಯಲ್ಲಿ ಹೀಗೆ ಹೊಂದುವುದು ಎಲ್ಲ ಹರಿವಿಗೂ ನಿಜವೇ? ಹಾಗಾದರೆ ಒಂದೇ ಫೋಟೋ ಇದ್ದಾಗ ಉಳಿದ ಎಳೆಯಿಂದ ವೇಗದ ಬಗ್ಗೆ ಏನಾದರೂ ಹೇಳಬಹುದೇ, ಅಥವಾ ಬೆನ್ನುಬೆನ್ನಿಗೆ ತೆಗೆದ ಎರಡು ಫೋಟೋ ಬೇಕೇ ಬೇಕಾ? ಪ್ರಯೋಗ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.