ಎಸ್ಟೋನಿಯಾ ನೊಮ್ಯಾಡ್ ವೀಸಾ: 183 ದಿನ ಎಣಿಸೋದು ಎಲ್ಲಿಂದ?

ಪ್ರಶ್ನೆ (ಮೈಸೂರು ಟೆಕ್ಕಿ): ಕೆಲಸ ಬೆಂಗಳೂರಿನ ಕಂಪನಿಯಲ್ಲಿ. ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರವರೆಗೆ ಎಸ್ಟೋನಿಯಾದ ಟಾಲಿನ್‌ನಲ್ಲಿದ್ದು ಅಲ್ಲಿಂದಲೇ ಕೆಲಸ ಮಾಡುವ ಯೋಚನೆ. ಸಂಬಳ ಇಲ್ಲಿನ ಅಕೌಂಟಿಗೇ ಬರುತ್ತೆ. ಡಿಸೆಂಬರ್‌ವರೆಗೆ 122 ದಿನ, ಹೊಸ ವರ್ಷದಲ್ಲಿ 120. 183 ದಿನ ಇದ್ದರೆ ಅಲ್ಲಿನ ತೆರಿಗೆ ನಿವಾಸಿ ಅಂತಾರೆ, ಯಾವುದೂ ಅಷ್ಟು ಮುಟ್ಟಲ್ಲ. ಅಲ್ಲಿ ಟ್ಯಾಕ್ಸ್ ಬರಲ್ಲ ಅಲ್ವಾ ಸರ್?

ಸ್ಟಾರ್ಟಪ್ ಅಣ್ಣ: ಇ-ರೆಸಿಡೆನ್ಸಿ ಕಾರ್ಡ್ ಮಾಡಿಸಿ. ನಾನು ಮಾಡಿಸಿದ್ದೀನಿ, ಒಂದು ರೂಪಾಯಿ ಟ್ಯಾಕ್ಸ್ ಕೇಳಿಲ್ಲ.

ಸಿಎ: ಅಣ್ಣ, ಆ ಕಾರ್ಡ್ ಅಲ್ಲಿ ಕಂಪನಿ ನಡೆಸೋಕೆ. ಅದರಲ್ಲಿ ಹೋಗಿ ವಾಸ ಮಾಡೋಕಾಗಲ್ಲ. ಇವರಿಗೆ ಬೇಕಿರೋದು ನೊಮ್ಯಾಡ್ ವೀಸಾ, ಅಂದ್ರೆ ಬೇರೆ ದೇಶದ ಕೆಲಸವನ್ನು ಅಲ್ಲಿ ಕೂತು ಮಾಡೋಕೆ ಕೊಡೋ ವೀಸಾ. ಅದಕ್ಕೆ ಹಿಂದಿನ ಆರು ತಿಂಗಳು ತಿಂಗಳಿಗೆ 4,500 ಯೂರೊ ಆದಾಯ ತೋರಿಸಬೇಕು. ಅದು ಗ್ರಾಸ್ ಲೆಕ್ಕ, ಕೈಗೆ ಬರೋದಲ್ಲ.

ಟೆಕ್ಕಿಯವರೇ, ನೀವು ಜನವರಿಗೆ ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಶುರು ಮಾಡಿದ್ದೀರಿ. ಎಸ್ಟೋನಿಯಾ ಹಾಗೆ ಎಣಿಸಲ್ಲ. ಸತತ 12 ತಿಂಗಳಲ್ಲಿ 183 ದಿನ ಆದರೆ ಸಾಕು. ನಿಮಗೆ ಅದು ಮಾರ್ಚ್ 2ಕ್ಕೆ ಆಗುತ್ತೆ. ಆವತ್ತಿನಿಂದ ಮುಂದಕ್ಕೆ ಮಾತ್ರ ಅಂದುಕೊಳ್ಳಬೇಡಿ, ನೀವು ಕಾಲಿಟ್ಟ ಸೆಪ್ಟೆಂಬರ್ 1ರಿಂದಲೇ ಅಲ್ಲಿನ ತೆರಿಗೆ ನಿವಾಸಿ ಆಗ್ತೀರಿ. ವೀಸಾ ಕೊಟ್ಟವರು ಯಾರೂ ಕರೆದು ಇದನ್ನು ಹೇಳಲ್ಲ.

ದಾವಣಗೆರೆ ಅಕೌಂಟೆಂಟ್: ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದ ಹಾಗೆ ಮಾಡಿಕೊಂಡ ಭಾರತ-ಎಸ್ಟೋನಿಯಾ ಒಪ್ಪಂದ, ಡಿಟಿಎಎ, ಇದೆಯಲ್ಲ? ಇಲ್ಲಿ ಟಿಡಿಎಸ್ ಕಟ್ ಆದಮೇಲೆ ಅಲ್ಲಿ ಕೇಳೋ ಹಾಗಿಲ್ಲ.

ಸಿಎ: ಅರ್ಧ ಸರಿ. ಅಲ್ಪಾವಧಿಗೆ ಹೋದವರ ಸಂಬಳಕ್ಕೆ ಒಪ್ಪಂದದ ರಕ್ಷಣೆ ಇದೆ. 183 ದಾಟಿದರೆ ಅದು ಹೋಗುತ್ತೆ. ಆಮೇಲೆ ಅಲ್ಲಿ ಕೂತು ಮಾಡಿದ ಕೆಲಸದ ಸಂಬಳಕ್ಕೆ ಅವರು ಟ್ಯಾಕ್ಸ್ ಹಾಕಬಹುದು. ಮನೆ, ಸಂಸಾರ ಎಲ್ಲ ಮೈಸೂರಲ್ಲೇ ಇದ್ದರೆ ಒಪ್ಪಂದದ ಪ್ರಕಾರ ನೀವು ಭಾರತದ ನಿವಾಸಿ ಆಗಬಹುದು. ಆಗ ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗುತ್ತೆ. ಆದರೆ ಮೊದಲು ಅಲ್ಲಿ ಕಟ್ಟಿ, ರಸೀದಿ ಇಟ್ಟುಕೊಂಡು, ಇಲ್ಲಿ ಕ್ಲೇಮ್ ಮಾಡಬೇಕು. ತಾನಾಗಿ ಬರಲ್ಲ.

ಮೈಸೂರು ಟೆಕ್ಕಿ: ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಇರೋದು 153 ದಿನ, ಇಲ್ಲಿನ ತೆರಿಗೆ ನಿವಾಸಿ ಆಗೋಕೆ ಬೇಕಾದ 182 ಆಗಲ್ಲ. ನಾನು ಇಲ್ಲಿ ಎನ್‌ಆರ್‌ಐ ಅಲ್ವಾ?

ಸಿಎ: ಅಲ್ಲೇ ತಕರಾರು. ನಿಮ್ಮ ಹಾಗೆ ಇಲ್ಲಿಂದ ಹೊರಡುವವರಲ್ಲಿ ವಿದೇಶದ ಉದ್ಯೋಗಕ್ಕೆ ಹೋಗುವವರಿಗೆ ಮಾತ್ರ 182ರ ರಿಯಾಯಿತಿ. ಉಳಿದವರು ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿದ್ದರೆ, ಈ ವರ್ಷ 60 ದಿನವೇ ಸಾಕು. ಅದೇ ಕಂಪನಿ, ಅದೇ ಕೆಲಸ, ಲ್ಯಾಪ್‌ಟಾಪ್ ಮಾತ್ರ ಟಾಲಿನ್‌ನಲ್ಲಿ. ಇದು ವಿದೇಶದ ಉದ್ಯೋಗವೇ? ಹೌದು ಅಂತ ವಾದಿಸಬಹುದು, ಆದರೆ ನಾನಾದರೆ ಅದನ್ನು ನಂಬಿಕೊಂಡು ಹೋಗಲ್ಲ.

ಮೈಸೂರು ಟೆಕ್ಕಿ: ಫೆಬ್ರವರಿ 15ಕ್ಕೇ ವಾಪಸ್ ಬಂದರೆ?

ಸಿಎ: ಅಲ್ಲಿ 168 ದಿನ, 183ರ ಒಳಗೇ. ಇಲ್ಲಿ ಮಾರ್ಚ್ ಮುಗಿಯೋದರೊಳಗೆ 182 ದಾಟುತ್ತೆ, ಇಲ್ಲಿನ ನಿವಾಸಿ ಅನ್ನೋದರಲ್ಲಿ ಅನುಮಾನವೇ ಇಲ್ಲ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಷೆಂಗೆನ್ ಒಳಗೆ ಓಡಾಡಿದರೆ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳಲ್ಲ. ಹೆಲ್ಸಿಂಕಿಯಲ್ಲೇ ಪೂರ್ತಿ ಕಳೆದ ದಿನಗಳನ್ನು ಲೆಕ್ಕದಿಂದ ತೆಗೆಸಬೇಕಂದ್ರೆ ಹಡಗಿನ ಟಿಕೆಟ್ಟೇ ಸಾಕ್ಷಿ.

ದಾವಣಗೆರೆ ಅಕೌಂಟೆಂಟ್: ಕಂಪನಿಗೂ ಅಲ್ಲಿ ಹೊಣೆ ಬರುತ್ತಾ? ಸಂಬಳದ ಮೇಲೆ ಕಂಪನಿ ಕಟ್ಟೋ ಸೋಶಿಯಲ್ ಟ್ಯಾಕ್ಸ್ 33% ಅಂತಾರೆ.

ಸಿಎ: ಅದನ್ನು ಕಂಪನಿಯ ಟ್ಯಾಕ್ಸ್ ಟೀಮ್ ಲಿಖಿತವಾಗಿ ಹೇಳಲಿ. ಎಚ್‌ಆರ್ "ಓಕೆ" ಅಂದ ಮೆಸೇಜ್ ಸಾಲದು. ಅದು ಕೈಗೆ ಬರೋವರೆಗೆ ಟಿಕೆಟ್ ಬುಕ್ ಮಾಡಬೇಡಿ.