ಕೈಗೆ ಬಂದ 10 ಲಕ್ಷ: ಮನೆ ಸಾಲಕ್ಕೆ ಹಾಕಲಾ, ಬೇಡವಾ?

ಮಳೆಹನಿ (ಪ್ರಶ್ನೆ)
ಅತ್ತೆ ತೀರಿಕೊಂಡ ಮೇಲೆ ಅವರ ಉಳಿತಾಯದಿಂದ ನನ್ನ ಪಾಲಿಗೆ 10 ಲಕ್ಷ ಬಂದಿದೆ. ತೆರಿಗೆಯ ಲೆಕ್ಕವೆಲ್ಲ ಮುಗಿದಿದೆ. ಮನೆ ಸಾಲ ಇನ್ನೂ 30 ಲಕ್ಷ ಇದೆ. ಬಡ್ಡಿ 9%, ಉಳಿದಿರುವುದು 15 ವರ್ಷ, ತಿಂಗಳ ಕಂತು 30,428. ಕ್ರೆಡಿಟ್ ಕಾರ್ಡ್‌ನಲ್ಲಿ ಒಂದೂವರೆ ಲಕ್ಷ ಬಾಕಿ. ಕಂತೂ ಸೇರಿ ತಿಂಗಳಿಗೆ 60 ಸಾವಿರ ಖರ್ಚು. ಬೇರೆ ಉಳಿತಾಯ ಇಲ್ಲ. ಪೂರ್ತಿ 10 ಲಕ್ಷವನ್ನೂ ಮನೆ ಸಾಲಕ್ಕೆ ಕಟ್ಟಿಬಿಡೋಣ ಅನ್ನಿಸುತ್ತಿದೆ. ಸರಿನಾ?

ಏರುಪೇರು
ಬೇಡ. 9% ಸಾಲವನ್ನು ಯಾಕೆ ಬೇಗ ತೀರಿಸಬೇಕು? ಷೇರು ಫಂಡ್‌ಗೆ ಹಾಕಿ, 12% ಬರುತ್ತದೆ. ವರ್ಷಕ್ಕೆ 3% ಸುಮ್ನೆ ಉಳಿಯುತ್ತದೆ.

ಹಳೇ ಲೆಕ್ಕಿಗ
ಏರುಪೇರು ಅವರೇ, ಆ 12% ಬರಬಹುದು, ಬರದೆಯೂ ಇರಬಹುದು. ಸಾಲದ 9% ಮಾತ್ರ ತಪ್ಪದೆ ಹೋಗುತ್ತಲೇ ಇರುತ್ತದೆ. ಸಾಲ ತೀರಿಸಿದರೆ ಸಿಗುವುದು ಖಚಿತವಾದ ಲಾಭ. ಹಾಗಾಗಿ ಅದನ್ನು ಅಷ್ಟೇ ಖಚಿತವಾದ ಇನ್ನೊಂದರ ಜೊತೆ ಹೋಲಿಸಬೇಕು. ಠೇವಣಿಗೆ 7% ಬಂದು ಅದರಲ್ಲಿ ಐದರಲ್ಲೊಂದು ಭಾಗ ತೆರಿಗೆಗೆ ಹೋದರೆ ಕೈಯಲ್ಲಿ ಉಳಿಯುವುದು 5.6%. 9ರ ಮುಂದೆ 5.6 ಇಟ್ಟು ನೋಡಿ.

ಮಳೆಹನಿ ಅವರೇ, ಮನೆ ಸಾಲಕ್ಕಿಂತ ಮೊದಲು ಕಾರ್ಡ್ ಬಾಕಿ ನೋಡಿ. ಬಡ್ಡಿ ತಿಂಗಳಿಗೆ ಎಷ್ಟು?

ಮಳೆಹನಿ
ಬಿಲ್‌ನಲ್ಲಿ 3% ಅಂತ ಇದೆ. ಕನಿಷ್ಠ ಮೊತ್ತ ಕಟ್ಟಿಕೊಂಡು ಹೋಗುತ್ತಿದ್ದೇನೆ.

ಹಳೇ ಲೆಕ್ಕಿಗ
ಅಂದರೆ ತಿಂಗಳಿಗೆ 4,500 ಬರೀ ಬಡ್ಡಿಗೇ ಹೋಗುತ್ತಿದೆ. ಬಡ್ಡಿಯ ಮೇಲೆ ಬಡ್ಡಿ ಸೇರಿದರೆ ವರ್ಷಕ್ಕೆ ಸುಮಾರು 42.6%. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ, ಇವತ್ತೇ ತೀರಿಸಿ. ಬಿಲ್‌ನಲ್ಲಿರುವ ಮೊತ್ತ ಕಟ್ಟಿ ಸುಮ್ಮನಾಗಬೇಡಿ. ಬಿಲ್ ಬಂದ ದಿನದಿಂದ ನೀವು ಕಟ್ಟುವ ದಿನದವರೆಗಿನ ಬಡ್ಡಿ ಮುಂದಿನ ಬಿಲ್‌ನಲ್ಲಿ ಬರುತ್ತದೆ. ಅದನ್ನೂ ಕಟ್ಟಿದ ಮೇಲೆ ಬಾಕಿ ಸೊನ್ನೆ ಆಗಿದೆಯಾ ಅಂತ ನೋಡಿ.

ತುಂಬಿದ ಮನೆ
ಅತ್ತೆಯ ಆಸ್ತಿ ಅಂದಮೇಲೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ನಮ್ಮಲ್ಲಿ ಮನೆ ಮಾರುವ ಮಾತು ಬಂದು ಮೂರು ವರ್ಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಳೆಹನಿ
ಮನೆ ಇಲ್ಲ ಅಕ್ಕ, ಬ್ಯಾಂಕಿನಲ್ಲಿದ್ದ ಹಣ ಮಾತ್ರ. ಪಾಲು ಆಗಿ ಮುಗಿದಿದೆ.

ಸಂಜೆಗಾಳಿ
ನನ್ನ ಕಥೆ ಕೇಳಿ. ದೊಡ್ಡ ಬೋನಸ್ ಬಂದಾಗ ಒಂದು ಪೈಸೆ ಇಟ್ಟುಕೊಳ್ಳದೆ ಎಲ್ಲವನ್ನೂ ಮನೆ ಸಾಲಕ್ಕೆ ಹಾಕಿದೆ. ಆವತ್ತು ರಾತ್ರಿ ಒಳ್ಳೆ ನಿದ್ದೆ ಬಂತು. ನಾಲ್ಕು ತಿಂಗಳಿಗೆ ಕೆಲಸ ಹೋಯಿತು. ಕಟ್ಟಿದ್ದರಲ್ಲಿ ಸ್ವಲ್ಪ ವಾಪಸ್ ಕೊಡಿ ಅಂದರೆ ಬ್ಯಾಂಕ್ ಕೊಡುತ್ತದಾ? ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತಲೇ ಇತ್ತು. ಕೊನೆಗೆ 16% ಬಡ್ಡಿಗೆ ವೈಯಕ್ತಿಕ ಸಾಲ ತೆಗೆದುಕೊಂಡೆ. 9% ಸಾಲ ತೀರಿಸಿ 16% ಸಾಲ ಮಾಡಿದ ಜಾಣ ನಾನು.

ಹಳೇ ಲೆಕ್ಕಿಗ
ಸಂಜೆಗಾಳಿ ಹೇಳಿದ್ದೇ ನನ್ನ ಎರಡನೇ ಮಾತು. ಕಾರ್ಡ್‌ಗೆ ಒಂದೂವರೆ ಹೋದರೆ ಎಂಟೂವರೆ ಉಳಿಯಿತು. ಅದರಲ್ಲಿ ಎರಡೂವರೆ ಲಕ್ಷ ಬೇಕಾದಾಗ ತೆಗೆಯುವ ಹಾಗೆ ಇಡಿ. ನಿಮಗೆ ನಾಲ್ಕು ತಿಂಗಳ ಖರ್ಚು. ಅದಕ್ಕೆ ಬಡ್ಡಿ ಕಡಿಮೆ ಬಂದರೂ ಬೇಜಾರಾಗಬೇಡಿ. ಉಳಿದ 6 ಲಕ್ಷ ಸಾಲಕ್ಕೆ ಹಾಕಬಹುದು. ನಿಗದಿತ ಬಡ್ಡಿಯ ಸಾಲವಾದರೆ ಮುಂಚೆ ಕಟ್ಟಿದ್ದಕ್ಕೆ ದಂಡ ಇದೆಯಾ ಅಂತ ಕರಾರು ಪತ್ರದಲ್ಲಿ ನೋಡಿಕೊಳ್ಳಿ.

ಗಟ್ಟಿಮಾತು
6 ಲಕ್ಷ ಹಾಕುವಾಗ ಬ್ಯಾಂಕಿನವರು ಕೇಳುತ್ತಾರೆ: ಕಂತು ಇಳಿಸಲಾ, ಅವಧಿ ಇಳಿಸಲಾ? ಕೆಲವು ಕಡೆ ಕೇಳದೇ ಕಂತು ಇಳಿಸಿಬಿಡುತ್ತಾರೆ. ಅದು ಮೋಸ. ನಾನು ಲೆಕ್ಕ ಹಾಕಿದೆ. ಕಂತು 30,428 ಹಾಗೇ ಇದ್ದರೆ ಸಾಲ 15ರ ಬದಲು ಸುಮಾರು 10 ವರ್ಷಕ್ಕೆ ಮುಗಿಯುತ್ತದೆ. ಬಡ್ಡಿಯಲ್ಲಿ 12.3 ಲಕ್ಷ ಉಳಿತಾಯ. ಕಂತು ಇಳಿಸಿದರೆ ಅದು 24,342 ಆಗುತ್ತದೆ, ಉಳಿಯುವುದು ಬರೀ 5 ಲಕ್ಷದ ಹತ್ತಿರ. ಕಣ್ಣುಮುಚ್ಚಿ ಅವಧಿ ಇಳಿಸಿ.

ಹಳೇ ಲೆಕ್ಕಿಗ
ಅಂಕಿ ಸರಿ, ಅರ್ಥ ಅರ್ಧ ಮಾತ್ರ ಸರಿ. ಆ ಹೆಚ್ಚಿನ 7 ಲಕ್ಷ ಎಲ್ಲಿಂದ ಬಂತು? 6 ಲಕ್ಷದಿಂದಲ್ಲ. ಅವಧಿ ಇಳಿಸಿದವರು ಪ್ರತಿ ತಿಂಗಳೂ 6,086 ಜಾಸ್ತಿ ಕಟ್ಟುತ್ತಿರುತ್ತಾರೆ, ಆ ದುಡ್ಡಿನ ಫಲ ಅದು. ಎರಡೂ ಕಡೆ ಬಡ್ಡಿ ದರ 9% ತಾನೇ? ಇದರಲ್ಲಿ ಬ್ಯಾಂಕಿನ ಮೋಸ ಏನೂ ಇಲ್ಲ.

ಮಳೆಹನಿ ಅವರಿಗೆ ಇರುವುದು ನಾಲ್ಕೇ ತಿಂಗಳ ಮೀಸಲು. ಹಾಗಾಗಿ ನಾನಾದರೆ ಕಂತು ಇಳಿಸಿ, ಆ 6,086ನ್ನು ಪ್ರತಿ ತಿಂಗಳು ನಾನೇ ಹೆಚ್ಚುವರಿಯಾಗಿ ಅಸಲಿಗೆ ಕಟ್ಟುತ್ತೇನೆ. ಸಾಲ ಅದೇ 10 ವರ್ಷಕ್ಕೆ ಮುಗಿಯುತ್ತದೆ. ಕಷ್ಟದ ತಿಂಗಳು ಬಂದರೆ 24,342 ಕಟ್ಟಿ ಸುಮ್ಮನಿರಬಹುದು, ಯಾರೂ ಕೇಳುವುದಿಲ್ಲ. ಆದರೆ ಸಣ್ಣ ಮೊತ್ತವನ್ನು ಶುಲ್ಕವಿಲ್ಲದೆ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಬೇಕು.

ಗಟ್ಟಿಮಾತು
ಕಾಗದದ ಮೇಲೆ ಚೆನ್ನಾಗಿದೆ. ಆ 6,086 ಮೂರನೇ ತಿಂಗಳಿಗೇ ಫೋನಿಗೋ ಬಟ್ಟೆಗೋ ಹೋಗುತ್ತದೆ. ಕಾರ್ಡ್‌ಗೆ ಕನಿಷ್ಠ ಮೊತ್ತ ಕಟ್ಟುತ್ತಿದ್ದವರ ಬಗ್ಗೆ ಮಾತಾಡುತ್ತಿದ್ದೇವೆ, ಅಲ್ವಾ? (ಮಳೆಹನಿ ಬೇಜಾರು ಮಾಡಿಕೊಳ್ಳಬೇಡಿ.)

ಮಳೆಹನಿ
ಬೇಜಾರಿಲ್ಲ, ನಿಜ ಹೇಳಿದ್ದೀರಿ.

ಹಳೇ ಲೆಕ್ಕಿಗ
ಒಪ್ಪುತ್ತೇನೆ. ಕೈಯಲ್ಲಿ ದುಡ್ಡು ನಿಲ್ಲದಿದ್ದರೆ ಅವಧಿ ಇಳಿಸುವುದೇ ಮೇಲು. ಸಂಬಳ ಬಂದ ದಿನವೇ ತಾನಾಗಿ ಕಡಿತವಾಗುವ ವ್ಯವಸ್ಥೆ ಮಾಡಿಕೊಂಡರೆ ನನ್ನ ದಾರಿಯೂ ನಡೆದೀತು.

ಏರುಪೇರು
ಆದರೂ ಹತ್ತು ವರ್ಷ ಅಂದರೆ ದೊಡ್ಡ ಅವಧಿ. 6ರಲ್ಲಿ 2 ಲಕ್ಷನಾದರೂ ಫಂಡ್‌ಗೆ ಹಾಕಬಾರದಾ?

ಹಳೇ ಲೆಕ್ಕಿಗ
ಹಾಕಬಹುದು. 2 ಲಕ್ಷ ಒಂದೂಕಾಲಕ್ಕೆ ಇಳಿದಾಗಲೂ ತೆಗೆಯದೆ ಕೂರುತ್ತಾರಾ ಅಂತ ಅವರೇ ಹೇಳಬೇಕು. ನನಗೆ ಗೊತ್ತಾಗುವ ವಿಷಯ ಅಲ್ಲ.

ಸಂಜೆಗಾಳಿ
ಇನ್ನೊಂದು ಮಾತು. ಕಟ್ಟುವಾಗ "ಅಸಲಿಗೆ ಭಾಗಶಃ ಪಾವತಿ" ಅಂತ ಬರೆದುಕೊಡಿ. ನನ್ನ ಸ್ನೇಹಿತರೊಬ್ಬರು ಕಟ್ಟಿದ್ದನ್ನು ಮುಂಗಡ ಕಂತು ಅಂತ ಜಮಾ ಮಾಡಿಕೊಂಡಿದ್ದರು. ಅಸಲು ಇಳಿದಿರಲೇ ಇಲ್ಲ, ಎಂಟು ತಿಂಗಳಾದ ಮೇಲೆ ಗೊತ್ತಾಯಿತು.

ಹಳೇ ಲೆಕ್ಕಿಗ
ಒಳ್ಳೆಯದು ನೆನಪಿಸಿದಿರಿ. ಹಿಡಿಯುವುದು ಸುಲಭ. ಈಗ 30 ಲಕ್ಷಕ್ಕೆ ತಿಂಗಳ ಬಡ್ಡಿ 22,500. 6 ಲಕ್ಷ ಅಸಲಿಗೆ ಜಮಾ ಆದರೆ ಪೂರ್ತಿ ಒಂದು ತಿಂಗಳ ಬಡ್ಡಿ 18,000ದ ಆಸುಪಾಸಿಗೆ ಇಳಿಯಬೇಕು. ಹೊಸ ಕಂತು ಪಟ್ಟಿ ತೆಗೆಸಿ ಆ ಕಾಲಂ ನೋಡಿ. 22 ಸಾವಿರದ ಮೇಲೇ ಇದ್ದರೆ ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ.

ಮಳೆಹನಿ
ಕಾರ್ಡ್ ಬಾಕಿ ಈಗಷ್ಟೇ ಕಟ್ಟಿದೆ. ಮೀಸಲು ನಾಳೆ ಬೇರೆ ಖಾತೆಗೆ ಹಾಕುತ್ತೇನೆ. ಕಂತು ಇಳಿಸುವುದಾ ಅವಧಿ ಇಳಿಸುವುದಾ ಅನ್ನುವುದು ಮನೆಯವರ ಜೊತೆ ಮಾತಾಡಿ ಹೇಳುತ್ತೇನೆ. ಅವರು ಗಟ್ಟಿಮಾತು ಅವರ ಪಕ್ಷವೇ ಅನ್ನಿಸುತ್ತದೆ.