ಪದಚರ್ಚೆ: ‘ಮೂರನೇ ಒಂದು’ ಅನ್ನಬೇಕೋ, ‘ಮೂರರಲ್ಲಿ ಒಂದು’ ಅನ್ನಬೇಕೋ?

ಮಧುಗಿರಿ ಕಡೆಯಿಂದ, ಗಣಿತ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಶನಿವಾರ ಒಂಬತ್ತನೇ ತರಗತಿಯ ಮಕ್ಕಳು ಐದನೇ ತರಗತಿಯವರಿಗೆ ಭಿನ್ನರಾಶಿ ಹೇಳಿಕೊಡುತ್ತಾರೆ. ದೊಡ್ಡವರಿಗೆ ಒಂದೇ ಕಟ್ಟಳೆ: ಉತ್ತರ ಹೇಳಬಾರದು, ಕೇಳಬೇಕು. ಏನೇನು ಕೇಳಬಹುದು ಅಂತ ಒಂದು ಹಾಳೆ ಬರೆದುಕೊಡೋಣ ಎಂದು ಕೂತೆ. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ.

1/3 ಅನ್ನು ಬಾಯಲ್ಲಿ ಏನಂತ ಓದಿಸಲಿ? ಪುಸ್ತಕದ ಮಾತು ‘ಮೂರನೇ ಒಂದು’. ದೊಡ್ಡ ಮಕ್ಕಳ ಬಾಯಲ್ಲಿ ‘ಒನ್ ಬೈ ತ್ರೀ’. ಸುಲಭ ಇರಲಿ ಅಂತ ನಾನು ‘ಮೂರರಲ್ಲಿ ಒಂದು’ ಅನ್ನಿಸಿದ್ದೆ. ಹೋದ ವಾರ ಅದೇ ಕೈಕೊಟ್ಟಿತು.

ಒಬ್ಬ ಹುಡುಗ 1/2 + 1/3 = 2/5 ಅಂತ ಬರೆದಿದ್ದ. ಅದೇನು ಹೊಸ ತಪ್ಪಲ್ಲ. ಹೇಳಿಕೊಡುತ್ತಿದ್ದ ಹುಡುಗಿ ‘ಹೇಗೆ ಮಾಡಿದೆ?’ ಅಂದಳು. ಅವನು, ‘ಎರಡರಲ್ಲಿ ಒಂದು ಸಿಕ್ತು, ಮೂರರಲ್ಲಿ ಒಂದು ಸಿಕ್ತು. ಐದರಲ್ಲಿ ಎರಡಾಯ್ತು. ಟೆಸ್ಟಲ್ಲಿ ಮಾರ್ಕ್ಸ್ ಕೂಡಿಸಲ್ವಾ ಅಕ್ಕಾ?’ ಅಂದ. ಅವಳು ನನ್ನ ಮುಖ ನೋಡಿದಳು. ಮಾರ್ಕ್ಸ್ ಹಾಗೇ ಕೂಡಿಸುವುದು. ನಾನು ಕೊಟ್ಟ ಮಾತೇ ಅವನನ್ನು ಆ ದಾರಿಗೆ ಎಳೆದಿತ್ತು. ಹಾಗಾದರೆ ಯಾವ ಮಾತು ಒಳ್ಳೆಯದು?

ಬೆಂಗಳೂರಿಂದ, ಊರು ಶಿರಾ:

ಸಾರ್, ‘ಬೈ’ ಇರಲಿ ಬಿಡಿ. ಹೋಟೆಲಲ್ಲಿ ‘ಒನ್ ಬೈ ಟೂ ಕಾಫಿ’ ಅಂದರೆ ಸಣ್ಣ ಮಕ್ಕಳಿಗೂ ಗೊತ್ತು, ಒಂದನ್ನ ಇಬ್ಬರು ಹಂಚಿಕೊಳ್ಳೋದು ಅಂತ. ಇದಕ್ಕಿಂತ ಕನ್ನಡದ ಮಾತು ಇನ್ನೇನು ಬೇಕು?

ಮಧುಗಿರಿ ಮೇಷ್ಟ್ರು:

ಹಂಚುವ ಅರ್ಥ ಸರಿಯೇ. ಆದರೆ ಕೂಡಿಸಿ ನೋಡಿ. ಒಂದು ಟೇಬಲ್ಲಿನಲ್ಲಿ ಒನ್ ಬೈ ಟೂ, ಪಕ್ಕದ ಟೇಬಲ್ಲಿನಲ್ಲಿ ಒನ್ ಬೈ ತ್ರೀ. ಒಟ್ಟು ಎರಡು ಕಾಫಿ, ಐದು ಜನ. ಮತ್ತೆ 2/5!

ಗುಬ್ಬಿಯಿಂದ:

‘ಮೂರನೇ’ ಬೇಡವೇ ಬೇಡ. ನಮ್ಮ ಮನೆ ಕಥೆ ಕೇಳಿ. ಜಮೀನು ಭಾಗ ಮಾಡುವಾಗ ಕಾಗದದಲ್ಲಿ ‘ಮೂರನೇ ಒಂದು ಹಿಸ್ಸೆ’ ಅಂತ ಇತ್ತು. ನಮ್ಮ ಚಿಕ್ಕಪ್ಪ ಅದನ್ನು ‘ಮೂರನೇ ಹಿಸ್ಸೆ’ ಅಂತ ಓದಿಕೊಂಡು, ಬಾವಿ ಪಕ್ಕದ ಮೂರನೇ ತುಂಡು ತನಗೇ ಅಂತ ಕೂತುಬಿಟ್ಟರು. ಎರಡು ವರ್ಷ ಮಾತಿಲ್ಲ. ದೊಡ್ಡವರಿಗೇ ಹಿಂಗೆ. ಅಂದಹಾಗೆ, ಬಾವಿ ಯಾರದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಕೋಲಾರದಿಂದ, ರಿಟೈರ್ಡ್ ಟೀಚರ್:

ಗುಬ್ಬಿಯವರು ಹೇಳಿದ್ದು ನಿಜ. ‘ಮೂರನೇ ತರಗತಿ’ಯಲ್ಲಿರುವ ‘ಮೂರನೇ’ ಸಾಲಿನ ಲೆಕ್ಕ. ‘ಮೂರನೇ ಒಂದು’ ಪಾಲಿನ ಲೆಕ್ಕ. ರೂಪ ಒಂದೇ, ಮಗು ಎಡವುತ್ತದೆ. ಆದರೂ ಮೇಷ್ಟ್ರೇ, ‘ರಲ್ಲಿ’ಗಿಂತ ಇದೇ ವಾಸಿ. ನಾಳೆ 5/3 ಬಂದರೆ ‘ಮೂರರಲ್ಲಿ ಐದು’ ಅಂತೀರಾ? ಮೂರರಲ್ಲಿ ಐದು ಎಲ್ಲಿಂದ ಬರುತ್ತೆ? ‘ಮೂರನೇ ಐದು’ ಅಂದರೆ ನಡೆಯುತ್ತದೆ. ನಾನು ಹಿಂದೆ ‘ಪಾಲು’ ಸೇರಿಸಿ ಹೇಳಿಸುತ್ತಿದ್ದೆ: ‘ಮೂರನೇ ಒಂದು ಪಾಲು’. ಆಗ ಪಾಲೇ ಅಳತೆ ಆಗುತ್ತದೆ. ಎರಡು ಬೇರೆ ಅಳತೆ ಹಾಗೇ ಕೂಡಲ್ಲ ಅಂತ ಮಗುವೇ ಕಾಣುತ್ತದೆ.

ಇದನ್ನು ನಮ್ಮ ಅಜ್ಜಿಯರು ಪುಸ್ತಕ ಇಲ್ಲದೆ ಮಾಡುತ್ತಿದ್ದರು. ಅಚ್ಚೇರು ರಾಗಿಗೆ ಒಂದು ಪಾವು ಸೇರಿಸಿದರೆ ಎಷ್ಟು? ಯಾರೂ ‘ಎರಡು’ ಅನ್ನಲ್ಲ. ಅಚ್ಚೇರು ಅಂದರೆ ಎರಡು ಪಾವು, ಅದಕ್ಕೊಂದು, ಮೂರು ಪಾವು. ಅಂದರೆ ಮುಕ್ಕಾಲು ಸೇರು. 1/2 + 1/4 ಮುಗೀತು. ನಿಮ್ಮ ಹಾಳೆಯಲ್ಲಿ ಇದು ಮೊದಲು ಬರಲಿ.

ಇನ್ನೊಂದು ನೋಡಿ. ನಮ್ಮ ಮಾತೇ ಗುಣಿಸುವುದನ್ನೂ ಕೂಡಿಸುವುದನ್ನೂ ಬೇರೆ ಮಾಡಿ ಇಟ್ಟಿದೆ. ‘ಮುಕ್ಕಾಲು’ ಅಂದರೆ ಮೂರು ಸಲ ಕಾಲು. ‘ಅರೆಪಾವು’ ಅಂದರೆ ಪಾವಿನ ಅರ್ಧ. ಸುಮ್ನೆ ಪಕ್ಕ ಪಕ್ಕ ಇಟ್ಟರೆ ಗುಣಾಕಾರ. ‘ಮೂರೂಕಾಲು’, ‘ಎರಡೂವರೆ’ಗಳಲ್ಲಿ ನಡುವೆ ‘ಊ’ ಇದೆ. ‘ನೀನೂ ನಾನೂ’ ಅಂತೀವಲ್ಲ, ಅದೇ. ಅಲ್ಲಿ ಸಂಕಲನ. 3/4 ಮತ್ತು 3 1/4 ಅದಲುಬದಲು ಮಾಡುವ ಮಗುವಿಗೆ ‘ಊ ಕೇಳಿಸ್ತಾ?’ ಅಂತ ಕೇಳಿದರೆ ಸಾಕು.

ಬಾಗೇಪಲ್ಲಿಯಿಂದ:

ನಮ್ಮ ಕಡೆ ಮನೆಮಾತು ತೆಲುಗು. ಅಲ್ಲಿ ‘ಪಾವು’ ಅಂದರೆ ಯಾವುದರದ್ದೇ ಆದರೂ ಕಾಲು ಭಾಗ, ‘ಮುಪ್ಪಾವು’ ಮುಕ್ಕಾಲು. ಎರಡೂವರೆಗೆ ‘ರೆಂಡುನ್ನರ’. ಹಾಗಾಗಿ ಪಾವು ಎಂದರೆ ಸೇರಿನ ಅಳತೆ ಮಾತ್ರ ಅಂತ ಹೇಳಿಕೊಡಬೇಡಿ, ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ‘ಕಾಲು’ ಹಸುವಿನ ನಾಲ್ಕು ಕಾಲಿಂದ ಬಂದಿದ್ದು, ಅಲ್ವಾ? ಒಂದು ಕಾಲು ಅಂದರೆ ನಾಲ್ಕನೇ ಒಂದು.

ಕೋಲಾರದ ಟೀಚರ್:

ಕೇಳಲು ಚೆನ್ನಾಗಿದೆ. ಸಂಸ್ಕೃತದ ‘ಪಾದ’ಕ್ಕೂ ಕಾಲು ಅಂತಲೂ ನಾಲ್ಕನೇ ಒಂದು ಅಂತಲೂ ಎರಡರ್ಥ ಇದೆ. ಆದರೆ ಅಷ್ಟರಿಂದಲೇ ಹಸುವಿನ ಕಥೆ ಸಾಬೀತಾಗಲ್ಲ.

ಮಧುಗಿರಿ ಮೇಷ್ಟ್ರು:

ಈ ಶನಿವಾರ ‘ಪಾಲು’ ಸೇರಿಸಿ ನೋಡಿದೆವು. ಅದೇ ಹುಡುಗ, ಅದೇ ಅಕ್ಕ, ಅದೇ ಲೆಕ್ಕ. ನಡೆದಿದ್ದನ್ನು ಬರೆಯುತ್ತೇನೆ, ಏಕೆಂದರೆ ಹಾಳೆಯಲ್ಲಿ ಈಗ ಇರುವುದು ಇದೇ.

‘ಐದನೇ ಎರಡು ಪಾಲು ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?’ ಅಂದಳು. ಅವನು ಸುಮ್ಮನಿದ್ದ. ‘ಐದು ಪಾಲಲ್ಲಿ ಅರ್ಧ ಅಂದರೆ ಎಷ್ಟು ಪಾಲು?’ ‘ಎರಡೂವರೆ.’ ‘ನಿನ್ನ ಹತ್ರ?’ ‘ಎರಡು. ಕಮ್ಮಿ.’ ‘ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಹಾಕಿದೆ. ಆಮೇಲೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ?’ ಇಲ್ಲಿ ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟ. ಅವನೇ ರಬ್ಬರ್ ತೆಗೆದುಕೊಂಡು 2/5 ಅಳಿಸಿದ.

ಆಮೇಲೆ ಒಂದು ಉದ್ದ ಕಾಗದದ ಪಟ್ಟಿ ಕೊಟ್ಟು, ‘ಅರ್ಧನೂ, ಮೂರನೇ ಒಂದು ಪಾಲೂ ಎರಡೂ ಮಡಿಕೆ ಮೇಲೆ ಬರೋ ಹಾಗೆ ಮಡಿಸು’ ಅಂದಳು. ಅವನು ಮೊದಲು ನಾಲ್ಕು ಮಾಡಿದ. ಅರ್ಧ ಸರಿಬಂತು, ಮೂರನೇ ಒಂದು ಪಾಲು ಎರಡು ಗೆರೆಗಳ ಮಧ್ಯೆ ಬಿತ್ತು. ಹೊಸ ಪಟ್ಟಿ ತೆಗೆದುಕೊಂಡು ಮೂರಾಗಿ ಮಡಿಸಿ, ಅದನ್ನು ಮತ್ತೆ ಅರ್ಧ ಮಾಡಿದ. ಬಿಚ್ಚಿದಾಗ ಆರು ಮನೆ. ಅರ್ಧಕ್ಕೆ ಮೂರು, ಮೂರನೇ ಒಂದು ಪಾಲಿಗೆ ಎರಡು. ‘ಆರನೇ ಐದು ಪಾಲು’ ಅಂದ. ಅವಳು ಆಗಲೂ ‘ಹೌದು’ ಅನ್ನಲಿಲ್ಲ. ‘ಅರ್ಧಕ್ಕಿಂತ ಜಾಸ್ತಿನಾ?’ ಅಂತ ಮತ್ತೆ ಕೇಳಿದಳು.

ಹಾಳೆಯಿಂದ ಎರಡು ಮಾತು ತೆಗೆದೆ. ‘ಯಾಕೆ ಹೀಗೆ ಮಾಡಿದೆ?’ ಅಂದರೆ ನಮ್ಮಲ್ಲಿ ಬೈಗುಳ, ಮಗು ತಕ್ಷಣ ಅಳಿಸಿಬಿಡುತ್ತದೆ. ‘ಹೇಗೆ ಮಾಡಿದೆ, ತೋರಿಸು’ ಅಂದರೆ ತೋರಿಸುತ್ತದೆ. ‘ಸರೀನಾ?’ ಕೂಡ ಬೇಡ. ತಪ್ಪಾದಾಗ ಮಾತ್ರ ಹಾಗೆ ಕೇಳುತ್ತೇವೆ, ಮಕ್ಕಳಿಗೆ ಅದು ಗೊತ್ತು.

ಒಂದು ತೊಡಕು ಉಳಿಯಿತು. ಇನ್ನೊಬ್ಬಳು ಹುಡುಗಿಗೆ ಪಟ್ಟಿಯಲ್ಲಿ ಬಂತು, ಹಾಳೆಯ ಮೇಲೆ ಮತ್ತೆ 2/5. ಅವಳಿಗೆ ಏನು ಕೇಳಬೇಕೋ ನಮಗಿನ್ನೂ ಹೊಳೆದಿಲ್ಲ.

ಕೊನೆಗೆ ನನ್ನ ಪ್ರಶ್ನೆ. ಅರ್ಧ, ಕಾಲು, ಮುಕ್ಕಾಲು, ವೀಸ ಎಲ್ಲ ಅರ್ಧ ಮಾಡುತ್ತಾ ಹೋದರೆ ಸಿಗುವ ಪಾಲುಗಳೇ. ಮೂರನೇ ಒಂದು ಪಾಲಿಗೆ ಕಾಲಿನ ಹಾಗೆ ಒಂದೇ ಪದ ನಿಮ್ಮ ಮನೆಯಲ್ಲಿ, ಗದ್ದೆ ಕಡೆ ಯಾರಾದರೂ ಬಳಸಿದ್ದು ಕೇಳಿದ್ದೀರಾ?